ಕಾಫಿ ಒಣಗಿಸುವ ಗಣಿತ ಮಾದರಿ: ಎರಡು ವರದಿ, ಅಂಕ ಯಾರಿಗೆ ಹೆಚ್ಚು?

ಗಣಿತದ ಮೇಷ್ಟರು, ಚಿಕ್ಕಮಗಳೂರು

ಪದವಿಯ ಕೊನೆಯ ವರ್ಷದ ಮಕ್ಕಳ ಯೋಜನಾ ವರದಿಗಳನ್ನು ತಿದ್ದುತ್ತಿದ್ದೇನೆ. ಎರಡು ತಂಡಗಳ ವಿಚಾರದಲ್ಲಿ ನನಗೂ ಸಹೋದ್ಯೋಗಿಯೊಬ್ಬರಿಗೂ ಹೊಂದಿಕೆಯಾಗುತ್ತಿಲ್ಲ. ಒಟ್ಟು 30 ಅಂಕ. ಊಹೆಗಳನ್ನು ಹೇಳಿರುವ ರೀತಿಗೆ 10, ಅಳತೆಯೊಂದಿಗೆ ತಾಳೆ ನೋಡಿರುವುದಕ್ಕೆ 10, ಮಾದರಿಯ ಮಿತಿಗಳ ಚರ್ಚೆಗೆ 10.

ಎರಡೂ ತಂಡಗಳು ಜನವರಿಯಲ್ಲಿ ಒಂದೇ ತೋಟದ ಕಣಕ್ಕೆ ಹೋಗಿ, ತೊಳೆದ ಅರೇಬಿಕಾ ಪಾರ್ಚ್‌ಮೆಂಟ್ ಅನ್ನು, ಅಂದರೆ ಒಳಸಿಪ್ಪೆ ಸಮೇತದ ಕಾಳನ್ನು, ಜಾಲರಿ ತಟ್ಟೆಯೊಂದರಲ್ಲಿ ಹರಡಿ, ಪ್ರತಿದಿನ ಬೆಳಿಗ್ಗೆ ಎಂಟಕ್ಕೆ ಒಟ್ಟಿಗೆ ತೂಗಿದ್ದಾರೆ. ಹಾಗಾಗಿ ಅಂಕಿಗಳು ಇಬ್ಬರಿಗೂ ಒಂದೇ. ಹರಡಿದ ದಿನ 1000 ಗ್ರಾಂ. ಆಮೇಲೆ ಕ್ರಮವಾಗಿ 806, 700, 641, 604, 580, 561, 547, ಎಂಟನೇ ದಿನ 537. ಮಾದರಿಯೂ ಇಬ್ಬರದೂ ಒಂದೇ:

```
W(t) = 520 + 480 e^(-k t)
```

ಇಲ್ಲಿ t ದಿನಗಳಲ್ಲಿ, W ಗ್ರಾಂಗಳಲ್ಲಿ, k ಒಣಗುವ ವೇಗ ಹೇಳುವ ಸಂಖ್ಯೆ. ಹಸಿ ಪಾರ್ಚ್‌ಮೆಂಟಿನಲ್ಲಿ ಶೇಕಡಾ 53 ನೀರು ಎಂದು ಹಿಡಿದಿರುವುದರಿಂದ ಒಣ ಪದಾರ್ಥ 470 ಗ್ರಾಂ. ತೇವ ಶೇಕಡಾ 11ಕ್ಕೆ ಇಳಿಯಬೇಕಾದರೆ ತಟ್ಟೆ 528 ಗ್ರಾಂಗೆ ಬರಬೇಕು. ಅದು ಎಷ್ಟನೇ ದಿನ ಬರುತ್ತದೆ ಎಂಬುದೇ ಪ್ರಶ್ನೆ.

ಮೊದಲ ತಂಡ ಒಂಬತ್ತೂ ತೂಕಗಳನ್ನು ಬಳಸಿ k = 0.46 ಎಂದು ಕಂಡುಹಿಡಿದಿದೆ. ಗೆರೆ ಅಂಕಿಗಳಿಗೆ ಎಷ್ಟು ಹೊಂದಿದೆ ಎಂದು ಹೇಳುವ ಆರ್ ಸ್ಕ್ವೇರ್ 0.996. ಉತ್ತರ: ಒಂಬತ್ತನೇ ದಿನ ಎತ್ತಬಹುದು. ಹನ್ನೊಂದು ಊಹೆಗಳ ಪಟ್ಟಿ, ಬಣ್ಣದ ನಕ್ಷೆ, ಅಚ್ಚುಕಟ್ಟಾದ ಬೈಂಡಿಂಗ್ ಎಲ್ಲ ಇದೆ. ಮಿತಿಗಳ ಭಾಗದಲ್ಲಿ ಎರಡು ಸಾಲು: ‘ಸಮಯದ ಅಭಾವದಿಂದ ಇತರ ಅಂಶಗಳನ್ನು ಪರಿಗಣಿಸಲಾಗಿಲ್ಲ. ಮುಂದೆ ಹೆಚ್ಚಿನ ಅಧ್ಯಯನ ಅಗತ್ಯ.’

ಎರಡನೇ ತಂಡ ಮೊದಲ ಐದು ತೂಕಗಳನ್ನಷ್ಟೇ ಬಳಸಿ k = 0.476 ಎಂದು ತೆಗೆದು, ಉಳಿದ ನಾಲ್ಕು ದಿನಗಳನ್ನು ಮುಂಚಿತವಾಗಿ ಲೆಕ್ಕ ಹಾಕಿದೆ. ಲೆಕ್ಕ 564, 548, 537, 531. ತಕ್ಕಡಿ ಹೇಳಿದ್ದು 580, 561, 547, 537. ನಾಲ್ಕೂ ದಿನ ಮಾದರಿ ಕಡಿಮೆ ಹೇಳಿದೆ. ಅವರೇ ಬರೆದಿದ್ದಾರೆ: ‘ಕಣದಿಂದ ಯಾವಾಗ ಎತ್ತಬೇಕು ಎಂದು ಹೇಳಲು ಈ ಮಾದರಿಯನ್ನು ನಂಬಬಾರದು.’ ವರದಿ ಕೈಬರಹದಲ್ಲಿದೆ, ನಕ್ಷೆ ಪೆನ್ಸಿಲಿನದು.

ಸಹೋದ್ಯೋಗಿ ಮೊದಲನೆಯದಕ್ಕೆ 27, ಎರಡನೆಯದಕ್ಕೆ 18 ಹಾಕಿದ್ದಾರೆ. ನನ್ನದು 14 ಮತ್ತು 23. ನೀವಾದರೆ ಏನು ಮಾಡುತ್ತಿದ್ದಿರಿ?

ಬೇಲೂರು ರಸ್ತೆ

ಸರ್, ನಿಮ್ಮ ಸಹೋದ್ಯೋಗಿಯ ಕಡೆಗೇ ನನ್ನ ಮತ. 0.996 ಬಂದ ಮೇಲೆ ಇನ್ನೇನು ಬೇಕು? ಎರಡನೇ ತಂಡದ ಮಾದರಿ ತಪ್ಪಿದೆ ಎಂದು ಅವರೇ ಒಪ್ಪಿದ್ದಾರೆ. ತಪ್ಪು ಒಪ್ಪಿಕೊಂಡದ್ದಕ್ಕೆ ಅಂಕವೆಂದರೆ, ಪರೀಕ್ಷೆಯಲ್ಲಿ ‘ನನಗೆ ಗೊತ್ತಿಲ್ಲ’ ಎಂದು ಬರೆದವನಿಗೂ ಕೊಡಬೇಕಾಗುತ್ತದೆ.

ನಾನು ಆಹಾರ ಯಂತ್ರಗಳ ಕೆಲಸದಲ್ಲಿರುವವನು. ಇಂಥ ಒಣಗಿಸುವ ಲೆಕ್ಕಕ್ಕೆ ಪೇಜ್ ಸಮೀಕರಣ ಎಂದೇ ಒಂದಿದೆ, t ಬದಲಿಗೆ t ಘಾತ n. ನಿಮ್ಮ ಅಂಕಿಗಳಿಗೆ ಈಗಲೇ ಹಾಕಿ ನೋಡಿದೆ. n ಸುಮಾರು 0.9, k 0.518 ಇಟ್ಟರೆ ಎಂಟನೇ ದಿನ ಸರಿಯಾಗಿ 537 ಬರುತ್ತದೆ. ಎರಡೂ ತಂಡಗಳು ಅದನ್ನು ಬಳಸಿದ್ದರೆ ಈ ಜಗಳವೇ ಇರುತ್ತಿರಲಿಲ್ಲ.

ಆಲ್ದೂರು ತೋಟ

ಮೇಷ್ಟರೇ, ಎಂಟು ದಿನ ಒಣಗಿಸಿ ಇನ್ನೂ ಹನ್ನೆರಡೂವರೆಯಲ್ಲಿದೆ ಎಂದರೆ ನಿಮ್ಮ ಹುಡುಗರು ದಪ್ಪಗೆ ಹರಡಿರಬೇಕು, ಇಲ್ಲವೇ ಗಂಟೆಗೊಮ್ಮೆ ಕೈಯಾಡಿಸಿಲ್ಲ. ಸಂಜೆ ಗುಡ್ಡೆ ಹಾಕಿ ಟಾರ್ಪಾಲು ಮುಚ್ಚಿದ್ದರೇ? ಇಬ್ಬನಿ ಬಿದ್ದರೆ ಹಗಲಿನ ಬಿಸಿಲೆಲ್ಲ ವ್ಯರ್ಥ. ಹೋದ ವರ್ಷ ನನ್ನ ಒಂದು ಲಾಟು ತೇವ ಹೆಚ್ಚೆಂದು ಕ್ಯೂರಿಂಗ್ ಕಾರ್ಖಾನೆಯಿಂದಲೇ ದೂರು ಬಂತು. ತೋಟದ ಲೆಕ್ಕ ನೋಡುವ ರೈಟರ್ ಕಾಳು ಕಚ್ಚಿ ನೋಡಿ ಸರಿಯಾಗಿದೆ ಎಂದಿದ್ದ. ಅಂದಿನಿಂದ ನಲವತ್ತು ಲೀಟರಿನ ಅಳತೆ ಡಬ್ಬ ತುಂಬಿ ತೂಗುತ್ತೇನೆ. ಎರಡು ದಿನ ತೂಕ ಕದಲದಿದ್ದರೆ ಮಾತ್ರ ಚೀಲಕ್ಕೆ.

ಇನ್ನೊಂದು ಮಾತು. ತೊಳೆದ ತೊಟ್ಟಿಯಿಂದ ತೆಗೆದ ಕೂಡಲೇ ತೂಗಿದ್ದರೆ ಆ ಸಾವಿರ ಗ್ರಾಂ ಸುಳ್ಳು. ಮೊದಲ ಎರಡು ಗಂಟೆ ಒಣಗುವುದಲ್ಲ, ಸೋರುವುದು.

ಗಣಿತದ ಮೇಷ್ಟರು, ಚಿಕ್ಕಮಗಳೂರು

ಗೌಡರೇ, ನಾನು ಕೇಳಿದ್ದು ಅಂಕದ ವಿಚಾರ, ಒಣಗಿಸುವ ವಿಚಾರವಲ್ಲ. ಆದರೂ ನಿಮ್ಮ ಕೊನೆಯ ಸಾಲನ್ನು ಗುರುತು ಹಾಕಿಕೊಂಡಿದ್ದೇನೆ. ಎರಡೂ ವರದಿಗಳಲ್ಲಿ ಸೋರುವ ನೀರಿನ ಸುದ್ದಿಯೇ ಇಲ್ಲ. ಮಕ್ಕಳನ್ನು ಕೇಳಿ ಹೇಳುತ್ತೇನೆ.

ಹಾಸನದ ಅಂಕಿಅಂಶ

ನಾನು ಇಪ್ಪತ್ತು ವರ್ಷ ಸಂಖ್ಯಾಶಾಸ್ತ್ರ ಕಲಿಸಿ ನಿವೃತ್ತಳಾದವಳು. ಮೊದಲು ಆ 0.996 ಅನ್ನು ಬದಿಗಿಡೋಣ. ಮೊದಲ ತಂಡದ ಮಾದರಿ ಹೇಳಿದ್ದನ್ನು ತಕ್ಕಡಿ ಹೇಳಿದ್ದರಿಂದ ಕಳೆದು ನೋಡಿದೆ. ಮೊದಲ ದಿನದಿಂದ ಎಂಟನೇ ದಿನದವರೆಗೆ ಹೀಗೆ ಬರುತ್ತದೆ:

```
-17  -11   0  +8  +12  +11  +8  +5
```

ಚಿಹ್ನೆಗಳನ್ನು ನೋಡಿ. ಎರಡು ಋಣ, ಒಂದು ಸೊನ್ನೆ, ಆಮೇಲೆ ಐದೂ ಧನ. ತಕ್ಕಡಿ ಹಿಡಿದವನ ಕೈ ನಡುಗಿ ಬಂದ ವ್ಯತ್ಯಾಸವಾಗಿದ್ದರೆ ಚಿಹ್ನೆಗಳು ಹೀಗೆ ಸಾಲು ಹಿಡಿದು ನಿಲ್ಲುವುದಿಲ್ಲ, ಮೇಲೆ ಕೆಳಗೆ ಬೆರೆತು ಬರುತ್ತವೆ. ಇದು ಮಾದರಿಯ ಆಕಾರವೇ ಬೇರೆ, ಕಾಫಿಯ ಆಕಾರವೇ ಬೇರೆ ಎಂಬುದರ ಗುರುತು. ಮೊದಲು ಮಾದರಿಗಿಂತ ಬೇಗ ಒಣಗಿದೆ, ಆಮೇಲೆ ಮಾದರಿಗಿಂತ ನಿಧಾನವಾಗಿದೆ. ಮೇಲಿನ ನೀರು ಸುಲಭವಾಗಿ ಹೋಗುತ್ತದೆ, ಕಾಳಿನ ಒಳಗಿನದು ಸಿಪ್ಪೆ ದಾಟಿ ಬರಬೇಕು. ಎರಡಕ್ಕೂ ಒಂದೇ k ಸಾಲುವುದಿಲ್ಲ.

ಹಾಗಾದರೆ ಆರ್ ಸ್ಕ್ವೇರ್ ಅಷ್ಟು ಎತ್ತರಕ್ಕೆ ಹೋದದ್ದು ಹೇಗೆ? ತೂಕ 1000ದಿಂದ 537ಕ್ಕೆ ಇಳಿದಿದೆ. ಅಷ್ಟು ದೊಡ್ಡ ಇಳಿಕೆಯ ಮುಂದೆ ಹತ್ತು ಹದಿನೈದು ಗ್ರಾಂ ಲೆಕ್ಕಕ್ಕೇ ಬರುವುದಿಲ್ಲ. ಇಳಿಯುತ್ತಾ ಬಾಗುವ ಗೆರೆಯನ್ನು ಹೊಂದಿಸಿದರೆ ಅದು ಸಾಮಾನ್ಯವಾಗಿ ಎತ್ತರಕ್ಕೇ ಹೋಗುತ್ತದೆ. ಆದರೆ ಪ್ರಶ್ನೆ ಇರುವುದು ಆ ದೊಡ್ಡ ಇಳಿಕೆಯಲ್ಲಲ್ಲ, ಬಾಲದಲ್ಲಿ. ಎಂಟನೇ ದಿನ 528 ತಲುಪಲು ಇನ್ನೂ 9 ಗ್ರಾಂ ನೀರು ಹೋಗಬೇಕಿತ್ತು. ಎರಡನೇ ತಂಡದ ಲೆಕ್ಕ ಅದನ್ನು 3 ಎನ್ನುತ್ತದೆ. ತೂಕದಲ್ಲಿ ನೋಡಿದರೆ ನೂರಕ್ಕೆ ಒಂದರಷ್ಟು ತಪ್ಪು, ಉಳಿದ ನೀರಿನಲ್ಲಿ ನೋಡಿದರೆ ಮೂರು ಪಟ್ಟು. ತೇವದಲ್ಲಿ ಹೇಳುವುದಾದರೆ ಮಾದರಿಯದು 11.4, ಕಾಫಿಯದು 12.5.

ಎರಡನೇ ತಂಡ ತಾಳೆ ನೋಡಿದ್ದು ತೂಕದಲ್ಲೋ ತೇವದಲ್ಲೋ? ತಾಳೆಗೆ ಅಂಕ ಕೊಡುವಾಗ ನಾನು ಮೊದಲು ಕೇಳುವುದು ಅದನ್ನೇ.

ಗಣಿತದ ಮೇಷ್ಟರು, ಚಿಕ್ಕಮಗಳೂರು

ಎರಡರಲ್ಲೂ ಕೊಟ್ಟಿದ್ದಾರೆ, ಮೇಡಂ. ಕೋಷ್ಟಕ ತೂಕದ್ದು, ಅದರ ಕೆಳಗೆ ತೇವದ ಒಂದು ಸಾಲು. ನಂಬಬಾರದು ಎಂದದ್ದು ಆ ಸಾಲನ್ನು ನೋಡಿಯೇ.

ಬೇಲೂರು ರಸ್ತೆ

ಚಿಹ್ನೆಗಳ ಸಾಲು ನನಗೆ ಹೊಳೆದಿರಲಿಲ್ಲ, ಒಪ್ಪುತ್ತೇನೆ. ಆದರೆ ಅದೇ ನನ್ನ ವಾದಕ್ಕೆ ಬಲವಲ್ಲವೇ? ಪೇಜ್ ಹಾಕಿ, ಸಾಲು ಕರಗುತ್ತದೆ.

ಹಾಸನದ ಅಂಕಿಅಂಶ

ಕುಗ್ಗುತ್ತದೆ, ಕರಗುವುದಿಲ್ಲ. ನಿಮ್ಮ ಅಂಕಿಗಳನ್ನೇ ಇಟ್ಟು ನೋಡಿದೆ: ಎರಡನೇ ದಿನ ಲೆಕ್ಕ 703, ತಕ್ಕಡಿ 700. ನಾಲ್ಕನೇ ದಿನ 599, ತಕ್ಕಡಿ 604. ಐದನೇ ದಿನ 573, ತಕ್ಕಡಿ 580. ನಡುವೆ ಅದೇ ಉಬ್ಬು ಉಳಿದಿದೆ. ಎಂಟನೇ ದಿನ 537 ಸರಿಯಾಗಿ ಬಂದದ್ದೇಕೆ ಎಂದರೆ, ನೀವು n ಅನ್ನು ಆ ಎಂಟನೇ ದಿನದ ತೂಕದಿಂದಲೇ ತೆಗೆದಿದ್ದೀರಿ. ಉತ್ತರ ನೋಡಿ ಬರೆದ ಲೆಕ್ಕ ಸರಿ ಬಂದರೆ ಆಶ್ಚರ್ಯವೇನು? ಪೇಜ್ ಒಳ್ಳೆಯ ಸಮೀಕರಣ, ಅದರ ಬಗ್ಗೆ ತಕರಾರಿಲ್ಲ. ಆದರೆ ತಿರುಗಿಸಲು ಇನ್ನೊಂದು ತಿರುಪು ಸಿಕ್ಕಿದರೆ ಯಾವ ಗೆರೆಯೂ ಹತ್ತಿರ ಬರುತ್ತದೆ. ಮೊದಲ ಐದು ತೂಕದಿಂದ n, k ಎರಡನ್ನೂ ತೆಗೆದು ಮುಂದಿನ ನಾಲ್ಕು ದಿನ ಹೇಳಿ, ಆಗ ಮಾತನಾಡೋಣ.

ಮೊದಲ ತಂಡದವನು

ನಮಸ್ಕಾರ ಸರ್. ಈ ಚರ್ಚೆ ನನ್ನ ಗೆಳೆಯನ ಕಣ್ಣಿಗೆ ಬಿತ್ತು, ನಮ್ಮದೇ ವರದಿ ಎಂದು ಅಂಕಿಗಳನ್ನು ನೋಡಿದ ಕೂಡಲೇ ತಿಳಿಯಿತು. ಎರಡು ವಿಷಯ ಹೇಳಿಕೊಳ್ಳಬೇಕು.

ನಮ್ಮ ಬಳಿ ಇದ್ದದ್ದೇ ಒಂಬತ್ತು ತೂಕ. ಅದರಲ್ಲಿ ನಾಲ್ಕನ್ನು ಬಚ್ಚಿಟ್ಟರೆ ಮಾದರಿ ಕಟ್ಟುವುದು ಯಾವುದರಿಂದ? ಇದ್ದ ಅಂಕಿಗಳೆಲ್ಲವನ್ನೂ ಬಳಸುವುದೇ ಪ್ರಾಮಾಣಿಕತೆ ಎಂದುಕೊಂಡೆವು. ಮತ್ತೆ ನಮಗೆ ಕೊಟ್ಟ ಸೂಚನಾ ಪತ್ರದಲ್ಲಿ ‘ಮಾದರಿ ದತ್ತಾಂಶಕ್ಕೆ ಹೊಂದುತ್ತದೆ ಎಂದು ತೋರಿಸಿ’ ಎಂದಿತ್ತು. ತೋರಿಸಿದ್ದೇವೆ. ಹೊಂದದಿದ್ದರೂ ಅಂಕ ಬರುತ್ತದೆ ಎಂದು ಅದರಲ್ಲಿ ಇರಲಿಲ್ಲ.

ಗಣಿತದ ಮೇಷ್ಟರು, ಚಿಕ್ಕಮಗಳೂರು

ಸೂಚನಾ ಪತ್ರ ಬರೆದವನು ನಾನೇ. ಆ ವಾಕ್ಯವನ್ನು ಈಗ ಓದಿದರೆ ನಾಚಿಕೆಯಾಗುತ್ತದೆ. ‘ಹೊಂದುತ್ತದೆಯೇ ಎಂದು ಪರೀಕ್ಷಿಸಿ’ ಎಂದಿರಬೇಕಿತ್ತು.

ಹಾಸನದ ಅಂಕಿಅಂಶ

ತಮ್ಮಾ, ನಿಮ್ಮ ಮಾದರಿಯಲ್ಲಿ ಅಂಕಿಗಳಿಂದ ತೆಗೆಯಬೇಕಾದದ್ದು k ಒಂದೇ. ಅದಕ್ಕೆ ಐದು ತೂಕ ಧಾರಾಳ. ತಾಳೆ ನೋಡಿದ ಮೇಲೆ ಬೇಕಿದ್ದರೆ ಒಂಬತ್ತನ್ನೂ ಸೇರಿಸಿ k ಇನ್ನೊಮ್ಮೆ ತೆಗೆಯಬಹುದು, ಅದರಲ್ಲಿ ತಪ್ಪಿಲ್ಲ. ಮೊದಲೇ ಎಲ್ಲವನ್ನೂ ಬಳಸಿದರೆ ಮಾದರಿಗೆ ‘ತಪ್ಪು’ ಎನಿಸಿಕೊಳ್ಳುವ ಅವಕಾಶವೇ ಇರುವುದಿಲ್ಲ.

ಒಂದು ಕೇಳುತ್ತೇನೆ. 520 ಎಲ್ಲಿಂದ ಬಂತು?

ಮೊದಲ ತಂಡದವನು

ಎಷ್ಟೇ ಬಿಸಿಲು ಕೊಟ್ಟರೂ ಹತ್ತರ ಆಸುಪಾಸಿನಲ್ಲಿ ನಿಂತುಬಿಡುತ್ತದೆ ಎಂದು ತೋಟದ ರೈಟರ್ ಹೇಳಿದರು, ಮೇಡಂ. 470 ಒಣ ಪದಾರ್ಥಕ್ಕೆ 50 ನೀರು ಸೇರಿಸಿದರೆ ಶೇಕಡಾ 9.6. ಲೆಕ್ಕಕ್ಕೆ ಸುಲಭವೆಂದು ಎರಡೂ ತಂಡಗಳು 520 ಎಂದು ಇಟ್ಟುಕೊಂಡೆವು.

ಹಾಸನದ ಅಂಕಿಅಂಶ

ನಿಮ್ಮ ಹನ್ನೊಂದು ಊಹೆಗಳ ಪಟ್ಟಿಯಲ್ಲಿ ಅದು ಇದೆಯೇ?

ಮೊದಲ ತಂಡದವನು

ಇಲ್ಲ. ಅದು ಕೊಟ್ಟ ಬೆಲೆ ಎಂದುಕೊಂಡಿದ್ದೆವು, ಊಹೆ ಎಂದು ಅನಿಸಲಿಲ್ಲ.

ಹಾಸನದ ಅಂಕಿಅಂಶ

ಸುಮ್ಮನೆ 520ರ ಬದಲು 525 ಇಟ್ಟು ನೋಡಿ. k 0.475 ಬರುತ್ತದೆ, ಆರ್ ಸ್ಕ್ವೇರ್ 0.997, ನಿಮ್ಮದಕ್ಕಿಂತ ಒಂದು ಕೂದಲು ಮೇಲು. ನಕ್ಷೆಯಲ್ಲಿ ಎರಡು ಗೆರೆಗಳನ್ನು ಬೇರ್ಪಡಿಸಿ ನೋಡಲು ಕಷ್ಟ. ಆದರೆ 528 ತಲುಪುವ ದಿನ ಯಾವುದು? ನಿಮ್ಮ ಲೆಕ್ಕದಲ್ಲಿ 8.9 ದಿನ. 525 ಇಟ್ಟರೆ ಹತ್ತೂವರೆ ದಿನ ದಾಟುತ್ತದೆ. ಐದು ಗ್ರಾಂ ಆಚೀಚೆಗೆ ಒಂದೂಮುಕ್ಕಾಲು ದಿನ. ಗುರಿ ಇರುವುದು ನಿಲ್ಲುವ ತೂಕಕ್ಕೆ ಅಷ್ಟು ಸಮೀಪದಲ್ಲಿ, ಅದಕ್ಕೇ ಹೀಗಾಗುತ್ತದೆ. ಗೆರೆ ಅಲ್ಲಿಗೆ ಬರುವ ಹೊತ್ತಿಗೆ ಬಹುತೇಕ ಮಲಗಿರುತ್ತದೆ, ಸ್ವಲ್ಪ ಎತ್ತರಿಸಿದರೂ ದಾಟುವ ಜಾಗ ಬಹಳ ದೂರ ಸರಿಯುತ್ತದೆ.

ಮೇಷ್ಟರೇ, ಊಹೆಗೆ ಅಂಕ ಕೊಡುವಾಗ ನಾನು ಮಾಡುವುದು ಇಷ್ಟೇ. ಪೆನ್ಸಿಲ್ ಹಿಡಿದು ಪ್ರತಿ ಊಹೆಯ ಪಕ್ಕದಲ್ಲಿ ಅದು ಸಮೀಕರಣದ ಯಾವ ಅಕ್ಷರದಲ್ಲಿ ಕೂತಿದೆ ಎಂದು ಬರೆಯುತ್ತೇನೆ. ಎಲ್ಲೂ ಕೂರದಿದ್ದರೆ ಅದಕ್ಕೆ ಅಂಕವಿಲ್ಲ. ಆಮೇಲೆ ಸಮೀಕರಣದ ಕಡೆಯಿಂದ ಹಿಂದಕ್ಕೆ ಬರುತ್ತೇನೆ: ಪ್ರತಿ ಸಂಖ್ಯೆಯೂ ಯಾವ ಊಹೆಯಿಂದ ಬಂತು? ಪಟ್ಟಿಯಲ್ಲಿ ಇಲ್ಲದ ಸಂಖ್ಯೆ ಸಿಕ್ಕರೆ ಅಲ್ಲಿ ಅಂಕ ಕಳೆಯುತ್ತದೆ.

ಗಣಿತದ ಮೇಷ್ಟರು, ಚಿಕ್ಕಮಗಳೂರು

ಮಾಡಿ ನೋಡಿದೆ. ಮೊದಲ ತಂಡದ ಪಟ್ಟಿಯಲ್ಲಿ ‘ಕಾಳುಗಳು ಗೋಲಾಕಾರದಲ್ಲಿವೆ’ ಎಂದಿದೆ. ಸಮೀಕರಣದಲ್ಲಿ ತ್ರಿಜ್ಯವೇ ಇಲ್ಲ! ‘ಕಾಳುಗಳು ಕುಗ್ಗುವುದಿಲ್ಲ’ ಎಂಬುದಕ್ಕೂ ಕೂರಲು ಜಾಗವಿಲ್ಲ. ‘ಉಷ್ಣತೆ ಸ್ಥಿರ’ ಎಂದಿದ್ದಾರೆ. ಜನವರಿಯಲ್ಲಿ ಇಲ್ಲಿ ಬೆಳಿಗ್ಗೆ ಸ್ವೆಟರ್, ಮಧ್ಯಾಹ್ನ ಕೊಡೆ. ಅವರಿಗೆ ನಿಜವಾಗಿ ಬೇಕಾಗಿದ್ದದ್ದು ಸ್ಥಿರ ಉಷ್ಣತೆಯಲ್ಲ, ಒಂದು ದಿನ ಇನ್ನೊಂದು ದಿನದ ಹಾಗೆಯೇ ಇತ್ತು ಎಂಬುದು. ದಿನಕ್ಕೊಂದೇ ತೂಕ ಇರುವುದರಿಂದ k ಎಂದರೆ ಒಂದು ಹಗಲು ಒಂದು ರಾತ್ರಿ ಸೇರಿಸಿದ ಸರಾಸರಿ. ಅದನ್ನು ಎರಡನೇ ತಂಡ ಬರೆದಿದೆ: ‘ಎಂಟೂ ದಿನ ಮೋಡವಿರಲಿಲ್ಲ, ಮೋಡದ ದಿನಕ್ಕೆ ಈ k ಅನ್ವಯಿಸುವುದಿಲ್ಲ.’ ಹನ್ನೊಂದರಲ್ಲಿ ಕೂತದ್ದು ಮೂರು. 520 ಹೊರಗೆ, 53 ಹೊರಗೆ.

ಎರಡನೇ ತಂಡದ ಊಹೆಗಳು ಒಟ್ಟು ನಾಲ್ಕೇ. ಅವುಗಳಲ್ಲಿ 53 ಇದೆ. 520 ಅವರಲ್ಲೂ ಇಲ್ಲ.

ಎರಡನೇ ಬೆಂಚು

ನಾನು ಪ್ರೌಢಶಾಲೆಯಲ್ಲಿ ಗಣಿತ ಹೇಳುವವಳು, ಹಾಸನ ಜಿಲ್ಲೆ. ನನ್ನ ಆತಂಕ ಬೇರೆ. ಮಿತಿಗಳಿಗೆ ಹತ್ತು ಅಂಕ ಎಂದು ತಿಳಿದರೆ ಮುಂದಿನ ವರ್ಷ ಎಲ್ಲರೂ ಒಂದೊಂದು ಪುಟ ತಪ್ಪೊಪ್ಪಿಗೆ ಬರೆದು ತರುತ್ತಾರೆ. ನಮ್ಮ ಮಕ್ಕಳ ವಿಜ್ಞಾನ ಯೋಜನೆಗಳಲ್ಲಿ ಈಗಲೇ ಹೀಗಾಗಿದೆ. ‘ಉಪಕರಣಗಳ ದೋಷ, ಮಾನವ ದೋಷ, ಸಮಯದ ಅಭಾವ’ ಎಂಬ ಮೂರು ಮಾತು ಬೀಜಗಣಿತದಿಂದ ಎರೆಹುಳುವಿನವರೆಗೆ ಎಲ್ಲ ವರದಿಯಲ್ಲೂ ಇರುತ್ತದೆ. ಪ್ರಾಮಾಣಿಕತೆಯೂ ಒಂದು ಬಾಯಿಪಾಠ. ಇದನ್ನು ನಿಜವಾದ ಮಿತಿಯಿಂದ ಹೇಗೆ ಬೇರ್ಪಡಿಸುತ್ತೀರಿ?

ಗಣಿತದ ಮೇಷ್ಟರು, ಚಿಕ್ಕಮಗಳೂರು

ನಾನು ಇಟ್ಟುಕೊಂಡಿರುವ ಅಳತೆಗೋಲು ಒಂದೇ. ಆ ಮಿತಿಯಿಂದ ಉತ್ತರ ಯಾವ ಕಡೆಗೆ ಸರಿಯುತ್ತದೆ, ಎಷ್ಟು ಸರಿಯುತ್ತದೆ ಎಂದು ವರದಿಯಲ್ಲಿ ಇರಬೇಕು. ‘ಸಮಯದ ಅಭಾವ’ದಿಂದ ಕಾಫಿ ಬೇಗ ಒಣಗುತ್ತದೋ ತಡವಾಗಿ ಒಣಗುತ್ತದೋ? ಉತ್ತರವಿಲ್ಲ, ಹಾಗಾಗಿ ಅಂಕವಿಲ್ಲ.

ಎರಡನೇ ತಂಡದ ಒಂದು ಪ್ಯಾರಾ ಇಲ್ಲಿ ಬರೆಯುತ್ತೇನೆ, ಅವರ ಒಪ್ಪಿಗೆ ಇದೆ: ‘ಆರಂಭದ ತೇವವನ್ನು ನಾವು ಅಳೆಯಲಿಲ್ಲ, ಪುಸ್ತಕದಿಂದ 53 ಎಂದು ತೆಗೆದುಕೊಂಡೆವು. ಅದು 52 ಆಗಿದ್ದರೆ ಎಂಟನೇ ದಿನದ ತೇವ 10.6, ಅಂದರೆ ಕಾಫಿ ಆಗಲೇ ಒಣಗಿದೆ. 55 ಆಗಿದ್ದರೆ 16.2, ಅಂದರೆ ಚೀಲಕ್ಕೆ ತುಂಬಿದರೆ ಬೂಷ್ಟು ಹಿಡಿಯುತ್ತದೆ. ತಕ್ಕಡಿಯಲ್ಲಿ ಒಂದು ಗ್ರಾಂ ತಪ್ಪಿಲ್ಲದಿದ್ದರೂ ನಮ್ಮ ಉತ್ತರ ಇಷ್ಟು ಅಲುಗಾಡುತ್ತದೆ.’

ಇದನ್ನು ಓದಿದಾಗ ನಾನು ಪೆನ್ನು ಕೆಳಗಿಟ್ಟು ಲೆಕ್ಕ ಮಾಡಿ ನೋಡಿದೆ. 55 ನೀರಾದರೆ ಒಣ ಪದಾರ್ಥ 450. 537ರಲ್ಲಿ ನೀರು 87. ಹೌದು, 16.2. ಆರಂಭದ ಎರಡು ಶೇಕಡಾ ಕೊನೆಯಲ್ಲಿ ನಾಲ್ಕರ ಹತ್ತಿರ ಆಗುತ್ತದೆ. ಅದೇ ವರದಿಯ ಕೊನೆಯಲ್ಲಿ ‘ಸಮಯದ ಅಭಾವ’ದ ಸಾಲೂ ಇದೆ, ಅದನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಆಲ್ದೂರು ತೋಟ

ಹುಡುಗರು ಪರವಾಗಿಲ್ಲ. ಸೋರುವ ನೀರಿನ ವಿಚಾರ ಕೇಳಿದಿರಾ?

ಗಣಿತದ ಮೇಷ್ಟರು, ಚಿಕ್ಕಮಗಳೂರು

ಕೇಳಿದೆ, ಗೌಡರೇ. ತೊಟ್ಟಿಯಿಂದ ಬುಟ್ಟಿಯಲ್ಲಿ ತಂದು, ತಟ್ಟೆಗೆ ಸುರಿದು, ಕೂಡಲೇ ತೂಗಿದ್ದಾರೆ. ತಟ್ಟೆಯ ಕೆಳಗೆ ನೀರು ತೊಟ್ಟಿಕ್ಕುತ್ತಿತ್ತು ಎಂದು ಒಬ್ಬಳಿಗೆ ನೆನಪಿದೆ. ಎಷ್ಟು ಎಂದು ಯಾರಿಗೂ ಗೊತ್ತಿಲ್ಲ.

ಹಾಸನದ ಅಂಕಿಅಂಶ

ಅಲ್ಲಿಗೆ ಗೌಡರು ಎರಡೂ ವರದಿಗಳ ಬುಡಕ್ಕೇ ಕೈ ಹಾಕಿದರು. ಸೋರುವ ನೀರು 40 ಗ್ರಾಂ ಇತ್ತೆಂದು ಇಟ್ಟುಕೊಳ್ಳಿ. ನಿಜವಾದ ಪಾರ್ಚ್‌ಮೆಂಟ್ 960, ಅದರಲ್ಲಿ 53 ನೀರು, ಒಣ ಪದಾರ್ಥ 451. ಎಂಟನೇ ದಿನದ ತೇವ 16. ಮೊದಲ ದಿನದ ಆ ಋಣ 17ಕ್ಕೂ ಇದೇ ಕಾರಣ ಇರಬಹುದು. ಸೋರಿದ್ದನ್ನು ಒಣಗಿದ್ದೆಂದು ಲೆಕ್ಕ ಹಿಡಿದರೆ ಮೊದಲ ದಿನ ಬಹಳ ಬೇಗ ಒಣಗಿದಂತೆ ಕಾಣುತ್ತದೆ. ಅಂದರೆ ನಾನು ಮೇಲೆ ಹೇಳಿದ ‘ಒಳಗಿನ ನೀರು ನಿಧಾನ’ ಎಂಬ ಕಾರಣವೊಂದೇ ಅಲ್ಲ. ಎರಡರಲ್ಲಿ ಯಾವುದಕ್ಕೆ ಎಷ್ಟು ಪಾಲು ಎಂದು ಈ ಒಂಬತ್ತು ತೂಕಗಳಿಂದ ಹೇಳಲಾಗುವುದಿಲ್ಲ. ಮೊದಲ ದಿನ ಎರಡು ಗಂಟೆಗೊಮ್ಮೆ ತೂಗಿದ್ದರೆ ತಿಳಿಯುತ್ತಿತ್ತು.

ಬೇಲೂರು ರಸ್ತೆ

ಆ ಕಾಫಿ ಈಗ ಎಲ್ಲಿದೆ? ಇದ್ದರೆ ತೇವದ ಮೀಟರಿನಲ್ಲಿ ಒಂದು ನಿಮಿಷದ ಕೆಲಸ.

ಆಲ್ದೂರು ತೋಟ

ಮೀಟರ್ ಯಾವ ಕಾಳಿಗೆ ಹೊಂದಿಸಿದ್ದು ಎಂದು ನೋಡಿಕೊಳ್ಳಿ. ಸಿಪ್ಪೆ ತೆಗೆದ ಕಾಳಿಗೆ ಹೊಂದಿಸಿದ್ದರಲ್ಲಿ ಸಿಪ್ಪೆ ಸಮೇತ ಹಾಕಿದರೆ ಅದರ ಬಾಯಿಗೆ ಬಂದದ್ದು ಹೇಳುತ್ತದೆ.

ಎರಡನೇ ತಂಡದವಳು

ಸರ್, ಎಂಟನೇ ದಿನವೇ ತಟ್ಟೆಯ ಕಾಫಿಯನ್ನು ಸ್ಟೀಲ್ ಡಬ್ಬದಲ್ಲಿ ಹಾಕಿ ಪ್ರಯೋಗಾಲಯದ ಬೀರುವಿನಲ್ಲಿ ಇಟ್ಟಿದ್ದೆವು. ಇವತ್ತು ತೂಗಿದೆ, 541 ಗ್ರಾಂ. ನಾಲ್ಕು ಗ್ರಾಂ ಹೆಚ್ಚಾಗಿದೆ, ಮುಚ್ಚಳ ಬಿಗಿ ಇರಲಿಲ್ಲ. ಮೀಟರ್ ನಮ್ಮಲ್ಲಿಲ್ಲ, ರಸಾಯನಶಾಸ್ತ್ರ ವಿಭಾಗದಲ್ಲಿ 105 ಡಿಗ್ರಿಗೆ ಇಡುವ ಒಲೆ ಇದೆ. ಚೆನ್ನಾಗಿ ಕಲಸಿ, 20 ಗ್ರಾಂ ತೆಗೆದು ಇಟ್ಟು ಬಂದಿದ್ದೇನೆ.

ಹಾಸನದ ಅಂಕಿಅಂಶ

ಒಳ್ಳೆಯದು. ನಾಳೆ ಬೆಳಿಗ್ಗೆ ತೂಗಿ ಮತ್ತೆ ಒಳಗಿಡು, ನಾಡಿದ್ದು ಇನ್ನೊಮ್ಮೆ ತೂಗು. ತೂಕ ಇಳಿಯುವುದು ನಿಂತ ಮೇಲೆ ಮಾತ್ರ ಲೆಕ್ಕ ಹಾಕಮ್ಮ. ಹೊರತೆಗೆದು ಬಿಸಿಯಲ್ಲೇ ತೂಗಬೇಡ, ಮುಚ್ಚಿದ ಡಬ್ಬಿಯಲ್ಲಿ ತಣಿಯಲು ಬಿಡು.

ಎರಡನೇ ಬೆಂಚು

ಒಲೆ ತನ್ನ ಕೆಲಸ ಮಾಡಲಿ. ಅಷ್ಟರಲ್ಲಿ ಮೇಷ್ಟರಿಗೆ ಇನ್ನೊಂದು ಪ್ರಶ್ನೆ. ಎರಡನೇ ತಂಡ ತಾಳೆ ನೋಡಿದ್ದೂ ಅದೇ ತಟ್ಟೆಯ ಕೊನೆಯ ನಾಲ್ಕು ದಿನಗಳ ಜೊತೆ. ಅದೇ ಕಣ, ಅದೇ ವಾರ, ಅದೇ ಬಿಸಿಲು. ಇನ್ನೊಂದು ತಟ್ಟೆ, ಇನ್ನೊಂದು ವಾರ ಅಲ್ಲ. ಅದಕ್ಕೆ ಹತ್ತಕ್ಕೆ ಎಷ್ಟು ಕೊಟ್ಟಿರಿ?

ಗಣಿತದ ಮೇಷ್ಟರು, ಚಿಕ್ಕಮಗಳೂರು

ಎಂಟು ಕೊಟ್ಟಿದ್ದೆ. ಏಳಕ್ಕೆ ಇಳಿಸಿದ್ದೇನೆ. ಮಾದರಿ ಸೋತದ್ದಕ್ಕೆ ಅಂಕ ಕಳೆದಿಲ್ಲ, ಒಂದೇ ತಟ್ಟೆ ಇದ್ದದ್ದಕ್ಕೆ ಕಳೆದಿದ್ದೇನೆ. ಊಹೆಗಳಲ್ಲಿ 520 ಬಿಟ್ಟದ್ದಕ್ಕೆ ಏಳು. ಮಿತಿಗಳಿಗೆ ಎಂಟು. ಒಟ್ಟು 22. ಮೊದಲಿಗೆ 23 ಎಂದಿದ್ದೆ, ಅದು ಕೈಬರಹದ ಮೇಲಿನ ಅಕ್ಕರೆ ಇರಬಹುದು.

ಮೊದಲ ತಂಡಕ್ಕೆ ಊಹೆಗಳಿಗೆ ಮೂರು, ಮಿತಿಗಳಿಗೆ ಒಂದು. ತಾಳೆಯಲ್ಲಿ ಸಿಕ್ಕಿಕೊಂಡಿದ್ದೇನೆ. ನ್ಯಾಯವಾಗಿ ನೋಡಿದರೆ ಎರಡೋ ಮೂರೋ. ಆದರೆ ನನ್ನ ಸೂಚನಾ ಪತ್ರ ಕೇಳಿದ್ದನ್ನು ಅವರು ಚಾಚೂ ತಪ್ಪದೆ ಮಾಡಿದ್ದಾರೆ.

ಬೇಲೂರು ರಸ್ತೆ

ಕೇಳಿದ್ದನ್ನು ಮಾಡಿದವರಿಗೆ ಪೂರ್ತಿ ಹತ್ತು ಕೊಡಬೇಕು. ಪ್ರಶ್ನೆ ಪತ್ರಿಕೆ ತಪ್ಪಾದರೆ ಎಲ್ಲರಿಗೂ ಅಂಕ ಕೊಡುವುದಿಲ್ಲವೇ?

ಹಾಸನದ ಅಂಕಿಅಂಶ

ಹತ್ತು ಕೊಟ್ಟರೆ ಎರಡನೇ ತಂಡಕ್ಕೆ ಅನ್ಯಾಯ. ಅವರೂ ಅದೇ ಪತ್ರ ಓದಿದವರು. ನಾನಾಗಿದ್ದರೆ ಐದು ಕೊಟ್ಟು, ವ್ಯತ್ಯಾಸಗಳ ಚಿಹ್ನೆಯ ಬಗ್ಗೆ ಮೌಖಿಕ ಪರೀಕ್ಷೆಯಲ್ಲಿ ಕೇಳುತ್ತಿದ್ದೆ. ಆದರೆ ಇದು ನನ್ನ ಅಭಿಪ್ರಾಯ ಅಷ್ಟೇ.

ಎರಡನೇ ಬೆಂಚು

ಮೌಖಿಕದಲ್ಲಿ ಕೇಳಿದರೂ ಲಿಖಿತಕ್ಕೆ ಇಟ್ಟ ಅಂಕ ಅಲ್ಲಿ ಸೇರಬಾರದಲ್ಲವೇ? ನಾನು ಒಪ್ಪುವುದಿಲ್ಲ.

ಎರಡನೇ ತಂಡದವಳು

ನಿನ್ನೆ ಬೆಳಿಗ್ಗೆ 17.3 ಗ್ರಾಂ ಇತ್ತು. ಇವತ್ತು 17.2. ನಮ್ಮ ತಕ್ಕಡಿ ತೋರಿಸುವುದೇ ಹತ್ತನೇ ಒಂದು ಗ್ರಾಂವರೆಗೆ, ಹಾಗಾಗಿ ನಿಂತಿದೆ ಎಂದು ಖಚಿತವಾಗಿ ಹೇಳಲಾರೆ. 17.2 ಎಂದೇ ಹಿಡಿದರೆ ತೇವ ಶೇಕಡಾ 14. 541ರಲ್ಲಿ ಒಣ ಪದಾರ್ಥ 465. ಎಂಟನೇ ದಿನ 537 ಇದ್ದಾಗ ತೇವ 13.4. ಆ ಸಾವಿರ ಗ್ರಾಂನಲ್ಲಿ ಸೋರುವ ನೀರೂ ಸೇರಿ 53.5 ನೀರಿತ್ತು ಎಂದಾಗುತ್ತದೆ.

ಇನ್ನೊಂದು ಗಮನಿಸಿದೆ ಸರ್. ಒಣ ಪದಾರ್ಥ 465 ಆದರೆ ಶೇಕಡಾ 11ರ ಗುರಿಯೂ 528 ಅಲ್ಲ, 522. ಮಾದರಿ ನಿಲ್ಲುವುದು 520ಕ್ಕೆ. ನಮ್ಮ k ಪ್ರಕಾರ 522 ತಲುಪುವುದು ಹನ್ನೊಂದನೇ ದಿನ ದಾಟಿದ ಮೇಲೆ. ನಾವು ಮಿತಿಗಳಲ್ಲಿ ಎಂಟನೇ ದಿನದ ತೇವವನ್ನು ಮಾತ್ರ ಅಲುಗಾಡಿಸಿ ನೋಡಿದ್ದೆವು, ಗುರಿಯೂ ಅಲುಗಾಡುತ್ತದೆ ಎಂದು ಹೊಳೆದಿರಲಿಲ್ಲ.

ಆಲ್ದೂರು ತೋಟ

ಹದಿಮೂರೂವರೆಯ ಕಾಫಿ ಬೀರುವಿನಲ್ಲಿಟ್ಟಿದ್ದೀರಲ್ಲ, ಮೂಸಿ ನೋಡಿದೆಯಾ ಮಗಳೇ?

ಎರಡನೇ ತಂಡದವಳು

ನೋಡಿದೆ. ಗೋಣಿಚೀಲದ ವಾಸನೆ ಬರುತ್ತಿದೆ.

ಮೊದಲ ತಂಡದವನು

ಸರ್, ಮೌಖಿಕ ಸೋಮವಾರ ಇದೆ. ಈ 465 ಅನ್ನು ನಾವೂ ಬಳಸಬಹುದೇ? ತೂಗುವಾಗ ನಾವೂ ಇದ್ದೆವು.

ಗಣಿತದ ಮೇಷ್ಟರು, ಚಿಕ್ಕಮಗಳೂರು

ಬಳಸಿ. ಒಲೆಯಲ್ಲಿಟ್ಟವರು ಯಾರು ಎಂದು ಹೇಳಿ ಬಳಸಿ. ಜೊತೆಗೆ ಆ ಎಂಟು ವ್ಯತ್ಯಾಸಗಳನ್ನು ಒಂದು ಹಾಳೆಯಲ್ಲಿ ಬರೆದು ತನ್ನಿ, ನಾನು ಕೇಳುವುದು ಅಲ್ಲಿಂದಲೇ. ಅಂಕಪಟ್ಟಿಯಲ್ಲಿ ನಿಮ್ಮ ತಾಳೆಯ ಮನೆ ಇನ್ನೂ ಖಾಲಿ ಇದೆ. ಸಹೋದ್ಯೋಗಿಗೆ ಈ ಚರ್ಚೆ ಓದಲು ಕೊಟ್ಟಿದ್ದೇನೆ, 27ರಿಂದ 20ಕ್ಕೆ ಇಳಿದಿದ್ದಾರೆ. ಅದಕ್ಕಿಂತ ಕೆಳಗೆ ಬರುವುದಿಲ್ಲವಂತೆ.